ನಾಮೀಕರಣ: ವಾಕ್ಯ ನಾಮಪದವಾಗುವ ಬಗೆ

ಒಂದು ಕ್ರಿಯಾಪದವನ್ನೋ ಇಡೀ ವಾಕ್ಯವನ್ನೋ ನಾಮಪದದ ಜಾಗದಲ್ಲಿ ನಿಲ್ಲಿಸುವ ವ್ಯಾಕರಣ ಕ್ರಮಕ್ಕೆ ನಾಮೀಕರಣ ಎಂದು ಹೆಸರು. ‘ಹುಡುಗಿ ವೇಗವಾಗಿ ಓಡಿದಳು’ ಎಂಬುದು ತನ್ನಷ್ಟಕ್ಕೆ ಪೂರ್ತಿಯಾದ ವಾಕ್ಯ. ಅದು ಹೇಳುವ ಸಂಗತಿಯನ್ನು ಇನ್ನೊಂದು ವಾಕ್ಯದೊಳಗೆ ತರಬೇಕಾದರೆ ಕನ್ನಡದಲ್ಲಿ ಎರಡು ದಾರಿಗಳು ಕೂಡಲೇ ಕಾಣುತ್ತವೆ. ‘ಹುಡುಗಿ ವೇಗವಾಗಿ ಓಡಿದ್ದು ಎಲ್ಲರಿಗೂ ಅಚ್ಚರಿ ತಂದಿತು’ ಎನ್ನಬಹುದು, ‘ಹುಡುಗಿಯ ವೇಗದ ಓಟ ಎಲ್ಲರಿಗೂ ಅಚ್ಚರಿ ತಂದಿತು’ ಎಂದೂ ಹೇಳಬಹುದು. ಅರ್ಥ ಹತ್ತಿರಹತ್ತಿರ ಒಂದೇ ಆದರೂ ಒಳಗಿನ ಕಟ್ಟು ಬೇರೆ. ಮೊದಲನೆಯದರಲ್ಲಿ ‘ಹುಡುಗಿ’ ಪ್ರಥಮಾ ವಿಭಕ್ತಿಯಲ್ಲೇ ಉಳಿದಿದ್ದಾಳೆ, ‘ವೇಗವಾಗಿ’ ಕ್ರಿಯಾವಿಶೇಷಣವಾಗಿಯೇ ಇದೆ, ಭೂತಕಾಲವೂ ಉಳಿದಿದೆ. ಎರಡನೆಯದರಲ್ಲಿ ಹುಡುಗಿ ಷಷ್ಠಿಗೆ ಹೋಗಿದ್ದಾಳೆ, ‘ವೇಗವಾಗಿ’ ಎಂಬುದು ‘ವೇಗದ’ ಆಗಿದೆ, ಕಾಲದ ಸುಳಿವೇ ಇಲ್ಲ. ‘ಓಡಿದ್ದು’, ‘ಓಡುವುದು’ ಎಂಬಂಥ ರೂಪಗಳನ್ನು ಭಾಷಾವಿಜ್ಞಾನದಲ್ಲಿ ಜೆರಂಡ್ ಎಂದೂ ‘ಓಟ’, ‘ನೋಟ’, ‘ಬರಹ’ದಂಥವನ್ನು ಸಾಧಿತ ನಾಮ ಎಂದೂ ಕರೆಯುತ್ತಾರೆ. ಈ ಲೇಖನದ ವಿಷಯ ಇವೆರಡರ ನಡುವಿನ ಅಂತರ. ಪದ ನಾಮವಾಗುವಾಗ ಮೂಲ ವಾಕ್ಯದಲ್ಲಿ ಎಷ್ಟು ಉಳಿಯುತ್ತದೆ ಎಂಬುದೇ ಆ ಅಂತರವನ್ನು ಅಳೆಯುವ ಅಳತೆಗೋಲು.

ಉಳಿಯುವುದೇನು, ಬಿಟ್ಟುಹೋಗುವುದೇನು

ಕನ್ನಡದ ಜೆರಂಡ್ ಹುಟ್ಟುವ ಬಗೆ ಸರಳ. ‘ಮಾಡುವ’, ‘ಮಾಡಿದ’, ‘ಮಾಡದ’ ಎಂಬ ಕೃದಂತಗಳಿಗೆ ನಪುಂಸಕದ ‘ಉದು’ ಸೇರಿ ಮಾಡುವುದು, ಮಾಡಿದುದು, ಮಾಡದುದು ಆಗುತ್ತವೆ. ಮಾಡಿದುದು ಇಂದಿನ ಬರವಣಿಗೆಯಲ್ಲಿ ಹೆಚ್ಚಾಗಿ ‘ಮಾಡಿದ್ದು’ ಆಗಿದೆ. ಮಾಡದುದು ಎನ್ನುವ ಬದಲು ‘ಮಾಡದಿರುವುದು’, ‘ಮಾಡದೇ ಇದ್ದದ್ದು’ ಎನ್ನುವುದೇ ರೂಢಿ. ಮೈಸೂರು ಕಡೆ ಮಾತಿನಲ್ಲಿ ‘ಮಾಡೋದು’, ಧಾರವಾಡದ ಕಡೆ ‘ಮಾಡೂದು’. ಈ ರೂಪಗಳಿಗೆ ಯಾವ ನಾಮಪದಕ್ಕಾದರೂ ಹತ್ತುವ ವಿಭಕ್ತಿಗಳು ಹತ್ತುತ್ತವೆ: ಮಾಡುವುದನ್ನು, ಮಾಡುವುದರಿಂದ, ಮಾಡುವುದಕ್ಕೆ, ಮಾಡುವುದರಲ್ಲಿ. ಅಂದರೆ ಹೊರಗಿನಿಂದ ನೋಡಿದವರಿಗೆ ಇದು ನಾಮಪದ. ಒಳಹೊಕ್ಕು ನೋಡಿದರೆ ವಾಕ್ಯದ ಸಂಸಾರ ಹೆಚ್ಚುಕಡಿಮೆ ಹಾಗೇ ಇದೆ.

ಇದನ್ನು ಕರ್ಮಪದದಲ್ಲಿ ಪರೀಕ್ಷಿಸುವುದು ಸುಲಭ. ‘ಕಾದಂಬರಿಯನ್ನು ಓದುವುದು’ ಸರಿ, ‘ಕಾದಂಬರಿಯ ಓದು’ ಕೂಡ ಸರಿ. ಆದರೆ ‘ಕಾದಂಬರಿಯನ್ನು ಓದು’ ಎಂದರೆ ಅದು ಆಜ್ಞೆಯಾಗುತ್ತದೆಯೇ ಹೊರತು ನಾಮಪದವಾಗುವುದಿಲ್ಲ. ದ್ವಿತೀಯಾ ವಿಭಕ್ತಿಯನ್ನು ಆಳುವ ಶಕ್ತಿ ಕ್ರಿಯಾಪದದ್ದು. ಜೆರಂಡ್ ಅದನ್ನು ಉಳಿಸಿಕೊಂಡಿದೆ, ಸಾಧಿತ ನಾಮ ಕಳೆದುಕೊಂಡು ಷಷ್ಠಿಯ ಮೊರೆಹೋಗಿದೆ. ವಿಶೇಷಣಗಳದೂ ಇದೇ ಕತೆ. ‘ವೇಗವಾಗಿ ಓಟ’ ಎಂದು ಯಾರೂ ಹೇಳುವುದಿಲ್ಲ, ‘ವೇಗದ ಓಡುವುದು’ ಎಂದೂ ಹೇಳುವುದಿಲ್ಲ. ಕಾಲವಾಚಕಗಳನ್ನು ನೋಡಿದರೂ ಅಷ್ಟೆ. ‘ನಿನ್ನೆ ಓಡಿದ್ದು’ ಸಲೀಸಾಗಿ ಬರುತ್ತದೆ, ‘ಓಟ’ಕ್ಕೆ ಮಾತ್ರ ‘ನಿನ್ನೆಯ’ ಎಂಬ ಷಷ್ಠಿ ಬೇಕು. ನಿಷೇಧ ಇನ್ನೂ ಖಚಿತವಾದ ಪರೀಕ್ಷೆ. ‘ಓಡದಿರುವುದು’ ಇದೆ, ಆದರೆ ‘ಓಟ’ಕ್ಕೆ ತನ್ನದೇ ಆದ ನಿಷೇಧರೂಪ ಇಲ್ಲ. ಬಹುವಚನದಲ್ಲಿ ಮಾತ್ರ ಪಾತ್ರಗಳು ಅದಲುಬದಲಾಗುತ್ತವೆ. ಓಟಗಳು, ನೋಟಗಳು, ಬರಹಗಳು ಎನ್ನಬಹುದು. ‘ಓಡುವುದುಗಳು’ ಎಂದರೆ ಕೇಳಿದವರು ನಗುತ್ತಾರೆ.

ಅನುಭವವಾಚಕ ವಾಕ್ಯಗಳಲ್ಲಿ ಈ ಅಂತರ ಇನ್ನಷ್ಟು ಸ್ಪಷ್ಟ. ‘ನನಗೆ ಜ್ವರ ಬಂತು’ ಎಂಬಲ್ಲಿ ಅನುಭವಿಸುವವನು ಚತುರ್ಥಿಯಲ್ಲಿದ್ದಾನೆ. ‘ನನಗೆ ಜ್ವರ ಬಂದದ್ದು’ ಎಂದಾಗಲೂ ಆ ಚತುರ್ಥಿ ಅಲುಗುವುದಿಲ್ಲ. ಇಂಗ್ಲಿಷಿನ ಜೆರಂಡ್ ಇಷ್ಟು ಉದಾರಿಯಲ್ಲ. ಅದು ಕರ್ಮವನ್ನು ಕ್ರಿಯಾಪದದಂತೆಯೇ ಆಳುತ್ತದೆ, ಆದರೆ ಕರ್ತೃವನ್ನು ಪ್ರಥಮೆಯಲ್ಲಿ ಉಳಿಸಿಕೊಳ್ಳುವುದಿಲ್ಲ. ‘ಜಾನ್ಸ್ ರೀಡಿಂಗ್ ದಿ ಬುಕ್’ ಎಂದು ಷಷ್ಠಿಗೋ ‘ಹಿಮ್ ರೀಡಿಂಗ್ ದಿ ಬುಕ್’ ಎಂದು ಕರ್ಮರೂಪಕ್ಕೋ ತಳ್ಳುತ್ತದೆ. ಹಾಗಾಗಿ ಜೆರಂಡ್ ಎಂಬ ಹೆಸರು ಎರಡು ಭಾಷೆಗಳಿಗೂ ಒಂದೇ ಇದ್ದರೂ ಕನ್ನಡದ್ದು ವಾಕ್ಯಕ್ಕೆ ಒಂದು ಹೆಜ್ಜೆ ಹತ್ತಿರ ನಿಂತಿದೆ.

ಇದಕ್ಕಿಂತಲೂ ವಾಕ್ಯಕ್ಕೆ ಹತ್ತಿರದ ನಾಮೀಕರಣ ಕನ್ನಡದಲ್ಲಿದೆ. ‘ನಾನು ಹೋದದ್ದು’, ‘ನೀನು ಹೋದದ್ದು’, ‘ಅವರು ಹೋದದ್ದು’ ಇವುಗಳಲ್ಲಿ ಕರ್ತೃ ಬದಲಾದರೂ ಕ್ರಿಯಾರೂಪ ಒಂದೇ. ಪುರುಷ, ಲಿಂಗ, ವಚನಗಳ ಪ್ರತ್ಯಯ ಇಲ್ಲಿ ಉದುರಿಹೋಗಿದೆ. ‘ನಾನು ಹೋದೆನೆಂಬುದು’, ‘ಅವಳು ಹೋದಳೆಂಬುದು’ ಎಂದಾಗ ಅದೂ ಉಳಿಯುತ್ತದೆ. ‘ಎಂಬುದು’ ಸೇರಿದಾಗ ಪೂರ್ಣ ವಾಕ್ಯವೇ, ಒಂದು ಅಕ್ಷರವೂ ಕಡಿಮೆಯಾಗದೆ, ನಾಮಪದವಾಗಿ ನಿಲ್ಲುತ್ತದೆ. ಅರ್ಥದಲ್ಲೂ ಒಂದು ಸೂಕ್ಷ್ಮ ಉಂಟು. ‘ಅವನು ಕದ್ದದ್ದು ನನಗೆ ಬೇಸರ ತಂದಿತು’ ಎಂದವರು ಕಳ್ಳತನ ನಡೆದೇ ಇದೆ ಎಂದು ಒಪ್ಪಿಕೊಂಡಿರುತ್ತಾರೆ. ‘ಅವನು ಕದ್ದನೆಂಬುದು ಬರೀ ವದಂತಿ’ ಎನ್ನುವವರು ಹಾಗೆ ಒಪ್ಪಿಕೊಂಡಿರಬೇಕಿಲ್ಲ. ಆರೋಪ ಹೊತ್ತವನ ಬಗ್ಗೆ ಸುದ್ದಿ ಬರೆಯುವವರು ‘ಎಂಬುದು’, ‘ಎನ್ನಲಾದ’ಗಳನ್ನು ಇಷ್ಟು ಬಳಸುವುದಕ್ಕೆ ಇದೂ ಒಂದು ಕಾರಣವಿರಬೇಕು.

ಟೊಮೇಟೊ ಬೆಳವಣಿಗೆ: 1970ರ ಒಂದು ವಾದ

ಜೆರಂಡ್ ಮತ್ತು ಸಾಧಿತ ನಾಮಗಳ ಅಂತರ ಆಧುನಿಕ ಭಾಷಾವಿಜ್ಞಾನದಲ್ಲಿ ದೊಡ್ಡ ಚರ್ಚೆಯಾದದ್ದು ಇಂಗ್ಲಿಷಿನ ನೆಪದಲ್ಲಿ. 1960ರಲ್ಲಿ ರಾಬರ್ಟ್ ಲೀಸ್ ಇಂಗ್ಲಿಷ್ ನಾಮೀಕರಣಗಳ ವ್ಯಾಕರಣವನ್ನೇ ಒಂದು ಪುಸ್ತಕವಾಗಿ ಬರೆದರು. ಇಂಥ ನಾಮಗಳ ಹಿಂದೆ ಒಂದು ವಾಕ್ಯವಿದೆ, ನಿಯಮಗಳು ಆ ವಾಕ್ಯವನ್ನು ಮಾರ್ಪಡಿಸಿ ನಾಮವಾಗಿಸುತ್ತವೆ ಎಂಬುದು ಅವರ ನಿಲುವು. ಹತ್ತು ವರ್ಷಗಳ ನಂತರ, 1970ರಲ್ಲಿ, ನೋಮ್ ಚಾಮ್ಸ್ಕಿ ನಾಮೀಕರಣದ ಬಗ್ಗೆ ಪ್ರಕಟಿಸಿದ ಪ್ರಬಂಧ ಈ ನಿಲುವನ್ನು ಅರ್ಧಕ್ಕೆ ಕತ್ತರಿಸಿತು. ಜೆರಂಡ್‌ಗಳ ಮಟ್ಟಿಗೆ ಅದು ಸರಿ ಎಂದು ಅವರು ಒಪ್ಪಿದರು. ಸಾಧಿತ ನಾಮಗಳು ಮಾತ್ರ ವಾಕ್ಯದಿಂದ ಹುಟ್ಟಿದವಲ್ಲ, ಅವು ಪದಕೋಶದಲ್ಲಿಯೇ ನಾಮಗಳಾಗಿ ಇರುವಂಥವು ಎಂದು ವಾದಿಸಿದರು. ಈ ನಿಲುವಿಗೆ ಮುಂದೆ ಪದಕೋಶವಾದ ಎಂಬ ಹೆಸರು ನಿಂತಿತು.

ಅವರ ಕಾರಣಗಳು ಮೂರು. ಜೆರಂಡ್ ಯಾವ ಕ್ರಿಯಾಪದದಿಂದಲೂ ಸಿಗುತ್ತದೆ, ಸಾಧಿತ ನಾಮ ಹಾಗೆ ಸಿಗುವುದಿಲ್ಲ. ಜೆರಂಡ್‌ನ ಅರ್ಥ ಕ್ರಿಯಾಪದದ ಅರ್ಥವೇ, ಸಾಧಿತ ನಾಮದ ಅರ್ಥ ಎಲ್ಲೆಲ್ಲಿಗೋ ಹೋಗಬಹುದು. ಜೆರಂಡ್‌ನ ಒಳರಚನೆ ವಾಕ್ಯದ್ದು, ಸಾಧಿತ ನಾಮದ ಒಳರಚನೆ ಬೇರೆ ಯಾವುದೇ ನಾಮದಂತೆ. ಚಾಮ್ಸ್ಕಿ ಕೊಟ್ಟ ಒಂದು ಉದಾಹರಣೆ ಟೊಮೇಟೊ ಬೆಳೆಯದು. ಇಂಗ್ಲಿಷಿನ ‘ಗ್ರೋ’ ಕ್ರಿಯಾಪದಕ್ಕೆ ತಾನೇ ಬೆಳೆಯುವುದು, ಇನ್ನೊಬ್ಬರು ಬೆಳೆಯುವುದು ಎರಡೂ ಅರ್ಥಗಳಿವೆ. ಜೆರಂಡ್ ಎರಡಕ್ಕೂ ಸಲ್ಲುತ್ತದೆ. ಆದರೆ ‘ಗ್ರೋತ್’ ಎಂಬ ಸಾಧಿತ ನಾಮ ಟೊಮೇಟೊ ತಾನಾಗಿ ಬೆಳೆದದ್ದಕ್ಕೆ ಮಾತ್ರ. ‘ಜಾನ್ಸ್ ಗ್ರೋತ್ ಆಫ್ ಟೊಮೇಟೋಸ್’ ಎಂಬುದು ಇಂಗ್ಲಿಷಿನವರಿಗೆ ಸರಿಯೆನಿಸುವುದಿಲ್ಲ.

ಕನ್ನಡದ ‘ಬೆಳೆ’ ಕ್ರಿಯಾಪದ ಇದೇ ಜಾತಿಯದು. ‘ಟೊಮೇಟೊ ಚೆನ್ನಾಗಿ ಬೆಳೆಯಿತು’ ಎಂದೂ ಹೇಳುತ್ತೇವೆ, ‘ರೈತ ಟೊಮೇಟೊ ಬೆಳೆದ’ ಎಂದೂ ಹೇಳುತ್ತೇವೆ. ಜೆರಂಡ್ ಮಾಡಿದರೆ ಎರಡೂ ಬರುತ್ತವೆ. ‘ಟೊಮೇಟೊ ಚೆನ್ನಾಗಿ ಬೆಳೆದದ್ದು ಮಳೆಯಿಂದ’, ‘ರೈತ ಈ ಸಲ ಟೊಮೇಟೊ ಬೆಳೆದದ್ದು ಸಾಲಕ್ಕೆ ಕಾರಣವಾಯಿತು’. ಈಗ ‘ಬೆಳವಣಿಗೆ’ಯನ್ನು ತೆಗೆದುಕೊಳ್ಳಿ. ‘ಟೊಮೇಟೊ ಬೆಳವಣಿಗೆ ಕುಂಠಿತವಾಗಿದೆ’ ಸರಿ. ‘ರೈತನ ಟೊಮೇಟೊ ಬೆಳವಣಿಗೆ’ ಎಂದರೆ? ರೈತನ ಹೊಲದ ಟೊಮೇಟೊ ಎಷ್ಟು ಬೆಳೆದಿದೆ ಎಂಬ ಅರ್ಥ ಬರಬಹುದು, ಅವನು ಬೆಳೆದ ಕೆಲಸ ಎಂಬ ಅರ್ಥ ಬರುವುದಿಲ್ಲ. ‘ರೈತನ ಬೆಳವಣಿಗೆ’ ಎಂದಷ್ಟೇ ಹೇಳಿದರೆ ರೈತನೇ ಬೆಳೆದ ಹಾಗಾಗುತ್ತದೆ. ಇನ್ನು ಪ್ರತ್ಯಯವಿಲ್ಲದ ‘ಬೆಳೆ’ ಎಂಬ ನಾಮವಿದೆ. ‘ರೈತನ ಟೊಮೇಟೊ ಬೆಳೆ’ ಎಂದರೆ ಹೊಲದಲ್ಲಿ ನಿಂತಿರುವ ವಸ್ತುವೇ ಹೊರತು ಬೆಳೆಯುವ ಕ್ರಿಯೆಯಲ್ಲ. ಬೇರೆ ಭಾಷಾಕುಟುಂಬಕ್ಕೆ ಸೇರಿದ ಕನ್ನಡದಲ್ಲೂ ಅದೇ ಅರ್ಥದ ಕ್ರಿಯಾಪದ ಅದೇ ಜಾಗದಲ್ಲಿ ಎಡವುತ್ತದೆ. ‘ಮುರಿ’ ಕ್ರಿಯಾಪದವೂ ಇದಕ್ಕೆ ಸಾಕ್ಷಿ. ‘ಮೂಳೆ ಮುರಿಯಿತು’, ‘ಅವನು ಕೋಲು ಮುರಿದ’ ಎರಡೂ ಇವೆ. ಆದರೆ ‘ಮುರಿತ’ ಎಂಬ ನಾಮ ಮೂಳೆಯ ಜೊತೆ ಚೆನ್ನಾಗಿ ಹೊಂದುತ್ತದೆ, ಮುರಿದವನ ಜೊತೆ ಹೊಂದುವುದಿಲ್ಲ.

ಚಾಮ್ಸ್ಕಿಯ ವಿವರಣೆ ಹೀಗೆ: ಪದಕೋಶದಲ್ಲಿ ಮೂಲವಾಗಿರುವುದು ತಾನಾಗಿ ಬೆಳೆಯುವ ಅರ್ಥದ ಧಾತು, ಸಾಧಿತ ನಾಮಕ್ಕೆ ಅದೇ ಅರ್ಥ ಬಂದಿದೆ. ಬೆಳೆಸುವ ಅರ್ಥದ ಸಕರ್ಮಕ ರೂಪ ಅದರ ಮೇಲೆ ಕಟ್ಟಿದ್ದು, ಅದು ಕ್ರಿಯಾಪದಕ್ಕೆ ಮಾತ್ರ ದಕ್ಕುತ್ತದೆ. ಇದೇ ಕೊನೆಯ ಮಾತೆಂದು ಎಲ್ಲರೂ ಒಪ್ಪಿಲ್ಲ. ಆದರೆ ಒಂದೇ ಧಾತುವಿನ ಎರಡು ನಾಮಗಳು ಬೇರೆಬೇರೆ ಕಡೆ ಹುಟ್ಟುತ್ತವೆ ಎಂಬ ಎಣಿಕೆಯಿಲ್ಲದೆ ಈ ಅಂತರವನ್ನು ವಿವರಿಸುವುದು ಕಷ್ಟ.

ಅರ್ಥ ಜಾರುವುದು

ಕನ್ನಡದ ಸಾಧಿತ ನಾಮಗಳ ಪ್ರತ್ಯಯಗಳನ್ನು ಪಟ್ಟಿಮಾಡುತ್ತ ಹೋದರೆ ಮುಗಿಯುವುದಿಲ್ಲ. ಆಡು, ಓಡು, ನೋಡುಗಳಿಂದ ಆಟ, ಓಟ, ನೋಟ. ಕುಣಿ, ಸೆಳೆ, ಹೊಡೆಗಳಿಂದ ಕುಣಿತ, ಸೆಳೆತ, ಹೊಡೆತ. ಸಾಯು, ಗೆಲ್ಲು, ಅರಿಗಳಿಂದ ಸಾವು, ಗೆಲುವು, ಅರಿವು. ನಗು, ಅಳು, ಓದುಗಳಿಗೆ ಪ್ರತ್ಯಯವೇ ಬೇಕಿಲ್ಲ. ಯಾವ ಧಾತು ಯಾವ ಪ್ರತ್ಯಯವನ್ನು ಒಪ್ಪುತ್ತದೆ ಎಂಬುದಕ್ಕೆ ನಿಯಮ ಹೇಳಲಾಗದು. ಆಡುವಿನಿಂದ ಆಟವಾದರೆ ಹಾಡುವಿನಿಂದ ‘ಹಾಟ’ ಏಕಿಲ್ಲ ಎಂದು ಮಗು ಕೇಳಿದರೆ, ‘ಹಾಡು’ ಎಂಬುದೇ ನಾಮವಾಗಿ ಆ ಜಾಗವನ್ನು ಹಿಡಿದಿದೆ ಎನ್ನಬಹುದು ಅಷ್ಟೆ. ‘ಹಾಡುವುದು’ ಎಂಬ ಜೆರಂಡ್‌ಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಅರ್ಥದ ವಿಷಯದಲ್ಲಿ ಇವು ಇನ್ನೂ ಸ್ವತಂತ್ರ. ‘ಮಾಡು’ವಿನ ಸಾಧಿತ ನಾಮ ‘ಮಾಟ’ ಈಗ ಹೆಚ್ಚಾಗಿ ಮಂತ್ರವಾದಕ್ಕೆ ಮೀಸಲು. ‘ಕುಡಿತ’ ಎಂದರೆ ಹೆಂಡದ ಚಟ. ನೀರು ಕುಡಿಯುವುದಕ್ಕೆ ಯಾರೂ ನೀರಿನ ಕುಡಿತ ಎನ್ನುವುದಿಲ್ಲ, ‘ಅವನ ಕುಡಿತ ಹೆಚ್ಚಾಗಿದೆ’ ಎಂದರೆ ಮಜ್ಜಿಗೆಯ ಮಾತು ಎಂದು ಯಾರಿಗೂ ಅನ್ನಿಸುವುದಿಲ್ಲ. ‘ಅಡುಗೆ’ಯ ಮೂಲವಾದ ‘ಅಡು’ ಎಂಬ ಕ್ರಿಯಾಪದ ದಿನಬಳಕೆಯಿಂದ ಮರೆಯಾಗಿದ್ದರೂ ನಾಮ ಮಾತ್ರ ಪ್ರತಿ ಮನೆಯಲ್ಲೂ ಬದುಕಿದೆ. ಒಂದೇ ‘ನಡೆ’ ಧಾತುವಿನಿಂದ ನಡಿಗೆ, ನಡತೆ, ನಡವಳಿಕೆ, ನಡೆ ಎಂಬ ನಾಲ್ಕು ನಾಮಗಳು ಹುಟ್ಟಿವೆ. ಇವುಗಳಲ್ಲಿ ಕಾಲಿನ ಕೆಲಸಕ್ಕೆ ಸಲೀಸಾಗಿ ಸಲ್ಲುವುದು ನಡಿಗೆ. ನಡತೆ, ನಡವಳಿಕೆಗಳು ಸ್ವಭಾವದ ಕಡೆಗೆ ತಿರುಗಿವೆ. ‘ನಡೆಯುವುದು’ ಎಂಬ ಜೆರಂಡ್ ಮಾತ್ರ ಕ್ರಿಯಾಪದ ಹೋದಲ್ಲಿಗೆಲ್ಲ ಅದರ ಹಿಂದೆಯೇ ಹೋಗುತ್ತದೆ, ಕಾಲಿನ ನಡೆಗೂ ಸಭೆ ನಡೆಯುವುದಕ್ಕೂ.

ಷಷ್ಠಿಯಲ್ಲಿರುವವರು ಯಾರು ಎಂಬುದು ಸಾಧಿತ ನಾಮದ ಇನ್ನೊಂದು ತೊಡಕು. ‘ಹಾವಿನ ಕಡಿತ’ದಲ್ಲಿ ಹಾವು ಕಡಿಯುತ್ತದೆ, ‘ವೆಚ್ಚದ ಕಡಿತ’ದಲ್ಲಿ ವೆಚ್ಚವೇ ಕಡಿಸಿಕೊಳ್ಳುತ್ತದೆ. ‘ಕಡಲ ಕೊರೆತ’ದಲ್ಲಿ ಕೊರೆಯುವುದು ಕಡಲು. ‘ತಾಯಿಯ ನೆನಪು’ ಎಂದರೆ ತಾಯಿ ನೆನೆಸಿಕೊಂಡದ್ದೋ ಮಗ ತಾಯಿಯನ್ನು ನೆನೆಸಿಕೊಂಡದ್ದೋ ಸಂದರ್ಭವೇ ಹೇಳಬೇಕು. ಜೆರಂಡ್‌ನಲ್ಲಿ ‘ತಾಯಿ’, ‘ತಾಯಿಯನ್ನು’ ಎಂಬ ವಿಭಕ್ತಿಗಳೇ ಅದನ್ನು ಬಗೆಹರಿಸುತ್ತವೆ.

ನಡುವೆ ನಿಂತ ‘-ವಿಕೆ’

ಎರಡು ಬಣಗಳ ನಡುವೆ ಗೆರೆ ಎಳೆದು ಕೈತೊಳೆದುಕೊಳ್ಳಲು ಬಿಡದ ರೂಪ ‘ಮಾಡುವಿಕೆ’, ‘ಓಡುವಿಕೆ’ಗಳದು. ಇದು ಜೆರಂಡ್‌ನಂತೆ ಹೆಚ್ಚುಕಡಿಮೆ ಯಾವ ಧಾತುವಿಗೂ ಹತ್ತುತ್ತದೆ, ಅರ್ಥವೂ ಅಷ್ಟಾಗಿ ಜಾರುವುದಿಲ್ಲ. ನಿಷೇಧಕ್ಕೂ ಬರುತ್ತದೆ: ಇಲ್ಲದಿರುವಿಕೆ, ಸಹಿಸದಿರುವಿಕೆ. ಆದರೆ ಭೂತಕಾಲ ಇದಕ್ಕಿಲ್ಲ, ‘ಮಾಡಿದಿಕೆ’ ಎಂಬ ಪದವೇ ಇಲ್ಲ. ಕರ್ತೃ ಸಾಧಿತ ನಾಮದಲ್ಲಿದ್ದಂತೆ ಷಷ್ಠಿಗೆ ಹೋಗುತ್ತದೆ. ‘ಅವನ ಬರೆಯುವಿಕೆ’ ಎನ್ನಬಹುದು, ‘ಅವನು ಬರೆಯುವಿಕೆ’ ಎನ್ನಲಾಗದು. ಕರ್ಮದ ವಿಷಯದಲ್ಲಿ ಇದಕ್ಕೆ ತನಗೇ ಖಚಿತವಿಲ್ಲ. ‘ಮರಗಳ ಕಡಿಯುವಿಕೆ’, ‘ಮರ ಕಡಿಯುವಿಕೆ’ ಎರಡೂ ಸಲ್ಲುತ್ತವೆ. ‘ಮರಗಳನ್ನು ಕಡಿಯುವಿಕೆ’ ಎಂಬುದು ಕಚೇರಿ ಕಾಗದಗಳಲ್ಲಿ ಕಾಣಬಹುದಾದರೂ ಕಿವಿಗೆ ಒರಟು. ಇಂಗ್ಲಿಷಿನಲ್ಲಿ ‘ದಿ ಕಟಿಂಗ್ ಆಫ್ ಟ್ರೀಸ್’ ಎಂಬ ರೂಪ ಇಂಥದೇ ನಡುಮನೆಯಲ್ಲಿದೆ. ಅಲ್ಲಿ ಒಂದೇ ಪ್ರತ್ಯಯ ಜೆರಂಡ್‌ಗೂ ಈ ನಡುವಿನ ರೂಪಕ್ಕೂ ದುಡಿಯುವುದರಿಂದ ವಿದ್ಯಾರ್ಥಿಗಳಿಗೆ ಗೊಂದಲ. ಕನ್ನಡದಲ್ಲಿ ‘-ವುದು’, ‘-ವಿಕೆ’ ಬೇರೆಬೇರೆ ಇರುವುದರಿಂದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಹಾಗಿದ್ದೂ ನಮ್ಮ ಶಾಲಾ ವ್ಯಾಕರಣಗಳು ಅದನ್ನು ಬಳಸಿಕೊಂಡಿಲ್ಲ. ಅವು ಕೃದಂತಗಳನ್ನು ಕೃದಂತನಾಮ, ಕೃದಂತ ಭಾವನಾಮ, ಕೃದಂತಾವ್ಯಯ ಎಂದು ಮೂರಾಗಿ ಮಾಡಿ, ‘ಓಟ’ವನ್ನೂ ‘ಓಡುವಿಕೆ’ಯನ್ನೂ ಭಾವನಾಮದ ಒಂದೇ ಗೂಡಿಗೆ ಹಾಕುತ್ತವೆ. ‘ಮಾಡಿದವನು’, ‘ಮಾಡಿದವಳು’, ‘ಮಾಡಿದುದು’ಗಳು ಕೃದಂತನಾಮದ ಲಿಂಗಭೇದಗಳಾಗಿ ಬರುತ್ತವೆ. ‘ಮಾಡಿದುದು’ ಮಾಡಿದ ವಸ್ತುವನ್ನೂ ಹೇಳಬಲ್ಲದು, ಮಾಡಿದ ಸಂಗತಿಯನ್ನೂ ಹೇಳಬಲ್ಲದು ಎಂಬ ಮುಖ್ಯ ವಿಷಯ ಈ ವಿಂಗಡಣೆಯಲ್ಲಿ ಬಿಟ್ಟುಹೋಗುತ್ತದೆ. ಪದವನ್ನು ಒಡೆದು ನೋಡುವುದೇ ಗುರಿಯಾದ ಪರಂಪರೆಯಲ್ಲಿ ವಾಕ್ಯದ ಒಳಗಿನ ವಾಕ್ಯ ಕಣ್ಣಿಗೆ ಬೀಳದಿದ್ದದ್ದು ಅಚ್ಚರಿಯೇನಲ್ಲ.

ಒಂದು ರೂಪ, ಹಲವು ಅರ್ಥ

ಆ ಬಿಟ್ಟುಹೋದ ವಿಷಯವೇ ಕನ್ನಡ ಜೆರಂಡ್‌ನ ನಿಜವಾದ ತೊಡಕು. ‘ಹುಲಿ ಕೊಂದದ್ದು’ ಎಂಬ ಎರಡು ಪದಗಳನ್ನು ತೆಗೆದುಕೊಳ್ಳಿ. ಹುಲಿ ಯಾವುದನ್ನೋ ಕೊಂದಿತು ಎಂಬ ಸಂಗತಿ ಇದರ ಒಂದು ಅರ್ಥ. ಕನ್ನಡದಲ್ಲಿ ಪ್ರಾಣಿ, ವಸ್ತುಗಳ ಹೆಸರು ದ್ವಿತೀಯಾ ಪ್ರತ್ಯಯವಿಲ್ಲದೆಯೂ ಕರ್ಮವಾಗಬಹುದಾದ್ದರಿಂದ, ಯಾರೋ ಹುಲಿಯನ್ನು ಕೊಂದರು ಎಂಬುದು ಇನ್ನೊಂದು ಅರ್ಥ. ಹುಲಿ ಕೊಂದ ಪ್ರಾಣಿ ಎಂಬುದು ಮೂರನೆಯದು. ‘ಹುಲಿ ಕೊಂದದ್ದು ಊರಿಗೆಲ್ಲ ಗೊತ್ತಾಯಿತು’ ಎಂದಾಗ ಮೊದಲ ಎರಡು ಅರ್ಥಗಳಿಗೆ ಎಡೆಯಿದೆ, ‘ಹುಲಿ ಕೊಂದದ್ದನ್ನು ನರಿ ತಿಂದಿತು’ ಎಂದಾಗ ಮೂರನೆಯದಕ್ಕೆ ಮಾತ್ರ.

ಬಿಡಿಸುವ ಉಪಾಯಗಳಿವೆ. ಕರ್ಮ ಬಾಯಿಬಿಟ್ಟು ಬಂದಿದ್ದರೆ, ‘ಹುಲಿ ದನವನ್ನು ಕೊಂದದ್ದು’ ಎಂಬಂತೆ, ಅದು ಸಾಮಾನ್ಯವಾಗಿ ಸಂಗತಿಯೇ. ವಸ್ತುವಿನ ಅರ್ಥದಲ್ಲಿ ಕರ್ಮದ ಜಾಗ ಖಾಲಿ ಇರಲೇಬೇಕು, ಏಕೆಂದರೆ ಆ ಖಾಲಿ ಜಾಗವನ್ನೇ ‘ಉದು’ ತುಂಬುತ್ತದೆ. ‘ವಿಷಯ’ ಎಂಬ ಪದವನ್ನು ಸೇರಿಸಿ ನೋಡಬಹುದು: ‘ಹುಲಿ ಕೊಂದ ವಿಷಯ ಗೊತ್ತಾಯಿತು’ ಸರಿಬಂದರೆ ಸಂಗತಿ. ಬಹುವಚನವನ್ನು ಪ್ರಯತ್ನಿಸಬಹುದು: ‘ಹುಲಿ ಕೊಂದವು’ ಎಂದು ವಸ್ತುಗಳಿಗೆ ಮಾತ್ರ ಹೇಳಬಹುದು. ಒತ್ತಿಹೇಳುವ ವಾಕ್ಯಗಳು ಬೇರೆಯೇ ಒಂದು ಬಗೆ. ‘ಹುಲಿ ಕೊಂದದ್ದು ದನವನ್ನು’ ಎಂಬಲ್ಲಿ ಒತ್ತು ಬಿದ್ದ ಪದ ಕೊನೆಗೆ ಹೋಗಿದೆ, ಅದರ ದ್ವಿತೀಯಾ ವಿಭಕ್ತಿ ಹಿಂದಿನ ಕ್ರಿಯೆಯ ಋಣವನ್ನು ತೋರಿಸುತ್ತದೆ.

‘-ವುದು’ ರೂಪಕ್ಕೆ ಇನ್ನೂ ಒಂದು ಗೊಂದಲವಿದೆ. ‘ಮಳೆ ಬರುವುದು’ ಎಂಬುದು ಭವಿಷ್ಯತ್ತಿನ ಪೂರ್ಣ ವಾಕ್ಯವೂ ಆಗಬಹುದು, ನಾಮವೂ ಆಗಬಹುದು. ‘ಚಪ್ಪಲಿಗಳನ್ನು ಹೊರಗೆ ಬಿಡುವುದು’ ಎಂಬ ಗೋಡೆಬರಹದಲ್ಲಿ ಅದು ಆಜ್ಞೆ. ಇಲ್ಲಿ ವಿಭಕ್ತಿಯೇ ತೀರ್ಪುಗಾರ. ‘ಮಳೆ ಬರುವುದನ್ನು ಕಾದೆವು’ ಎಂದು ಪ್ರತ್ಯಯ ಹಚ್ಚಲು ಬಂದರೆ ಅದು ನಾಮ. ಭವಿಷ್ಯತ್ತಿನ ಕ್ರಿಯಾಪದಕ್ಕೂ ಆಜ್ಞೆಗೂ ವಿಭಕ್ತಿ ಹತ್ತುವುದಿಲ್ಲ.

ಸಂಗತಿ, ಘಟನೆ, ಫಲ

ತತ್ತ್ವಜ್ಞಾನಿ ಝೀನೋ ವೆಂಡ್ಲರ್ 1960ರ ದಶಕದಲ್ಲಿ ಒಂದು ಮಾತನ್ನು ಎತ್ತಿದರು: ಕೆಲವು ನಾಮೀಕರಣಗಳು ಸಂಗತಿಗಳನ್ನು ಹೆಸರಿಸುತ್ತವೆ, ಕೆಲವು ಘಟನೆಗಳನ್ನು. ಘಟನೆಗೆ ಸಮಯವಿದೆ, ಸ್ಥಳವಿದೆ, ವೇಗವಿದೆ. ಸಂಗತಿಗೆ ಇವಿಲ್ಲ, ಅದು ಗೊತ್ತಾಗುತ್ತದೆ ಇಲ್ಲವೇ ಗೊತ್ತಾಗದೆ ಉಳಿಯುತ್ತದೆ. ಕನ್ನಡದಲ್ಲಿ ‘ನಡೆಯಿತು’ ಎಂಬ ಪದ ಇದಕ್ಕೆ ಒಳ್ಳೆಯ ಒರೆಗಲ್ಲು. ‘ಓಟ ಹತ್ತು ಗಂಟೆಗೆ ನಡೆಯಿತು’ ಸರಿ. ‘ಅವರು ಓಡಿದ್ದು ಹತ್ತು ಗಂಟೆಗೆ ನಡೆಯಿತು’ ಎಂದು ಹೇಳಲಾಗುವುದಿಲ್ಲ, ‘ಅವರು ಓಡಿದ್ದು ಗೊತ್ತಾಯಿತು’ ಎನ್ನಬಹುದು. 1990ರಲ್ಲಿ ಜೇನ್ ಗ್ರಿಮ್‌ಶಾ ಸಾಧಿತ ನಾಮಗಳೊಳಗೇ ಮತ್ತೊಂದು ಭೇದವನ್ನು ಗುರುತಿಸಿದರು. ಕೆಲವು ನಾಮಗಳು ಕ್ರಿಯೆಯನ್ನು ಅದರ ಕರ್ಮಸಹಿತ ಹೇಳುತ್ತವೆ, ಕೆಲವು ಕ್ರಿಯೆಯ ಫಲವನ್ನು ಮಾತ್ರ. ‘ಕಟ್ಟು’ವಿನಿಂದ ಬಂದ ‘ಕಟ್ಟಡ’ ಶುದ್ಧ ಫಲ. ‘ಸೇತುವೆಯ ನಿರ್ಮಾಣ ಎರಡು ವರ್ಷದಲ್ಲಿ ಮುಗಿಯಿತು’ ಎಂಬಲ್ಲಿನ ‘ನಿರ್ಮಾಣ’ ಕ್ರಿಯೆ.

ಕನ್ನಡದಲ್ಲಿ ಈ ಕ್ರಿಯೆಯ ನಾಮದ ಜಾಗವನ್ನು ಬಹಳಷ್ಟು ಸಂಸ್ಕೃತದಿಂದ ಬಂದ ಪದಗಳೇ ತುಂಬಿವೆ: ನಿರ್ಮಾಣ, ಪರಿಶೀಲನೆ, ವಿತರಣೆ, ಸಂಗ್ರಹ. ಈಚೆಗೆ ಇಂಗ್ಲಿಷಿನ ಪಾರ್ಕಿಂಗ್, ಬುಕಿಂಗ್‌ಗಳೂ ಬಂದಿವೆ. ಅಲ್ಲಿ ಜೆರಂಡ್ ಆಗಿದ್ದದ್ದು ಇಲ್ಲಿಗೆ ಬರುವಾಗ ಸಾಧಿತ ನಾಮವಾಗಿದೆ. ‘ಟಿಕೆಟ್ ಬುಕಿಂಗ್’, ‘ಟಿಕೆಟಿನ ಬುಕಿಂಗ್’ ಇವೆ, ‘ಟಿಕೆಟನ್ನು ಬುಕಿಂಗ್’ ಮಾತ್ರ ಇಲ್ಲ. ಆದರೆ ಇವುಗಳಿಗೆ ‘ಮಾಡು’ ಸೇರಿದರೆ ಕಳೆದುಹೋದ ದ್ವಿತೀಯಾ ವಿಭಕ್ತಿ ಮರಳಿ ಬರುತ್ತದೆ. ‘ಅಧಿಕಾರಿಗಳು ಅರ್ಜಿಯ ಪರಿಶೀಲನೆ ಮಾಡಿದರು’, ‘ಅಧಿಕಾರಿಗಳು ಅರ್ಜಿಯನ್ನು ಪರಿಶೀಲನೆ ಮಾಡಿದರು’ ಎಂದು ಎರಡು ರೀತಿಯಲ್ಲೂ ಹೇಳುತ್ತೇವೆ. ಮೊದಲನೆಯದರಲ್ಲಿ ‘ಪರಿಶೀಲನೆ’ ಇನ್ನೂ ನಾಮ, ಅರ್ಜಿ ಅದಕ್ಕೆ ಸೇರಿದ್ದು. ಎರಡನೆಯದರಲ್ಲಿ ‘ಪರಿಶೀಲನೆ ಮಾಡು’ ಒಂದೇ ಕ್ರಿಯಾಪದವಾಗಿ ಬೆಸೆದು ಅರ್ಜಿಯನ್ನು ತನ್ನ ಕರ್ಮವಾಗಿ ಆಳುತ್ತಿದೆ. ‘ಅಧಿಕಾರಿಗಳು ಅರ್ಜಿಯನ್ನು ಪರಿಶೀಲನೆ ಮಾಡುವುದು ತಡವಾಯಿತು’ ಎಂದಾಗ ಒಮ್ಮೆ ನಾಮವಾಗಿದ್ದದ್ದು ಕ್ರಿಯಾಪದದೊಳಗೆ ಸೇರಿಕೊಂಡು, ಆ ಕ್ರಿಯಾಪದ ಮತ್ತೆ ಜೆರಂಡ್ ಆಗಿ, ಅಧಿಕಾರಿಗಳನ್ನು ಪ್ರಥಮೆಯಲ್ಲೂ ಅರ್ಜಿಯನ್ನು ದ್ವಿತೀಯೆಯಲ್ಲೂ ಉಳಿಸಿಕೊಂಡಿರುತ್ತದೆ.